ಗೂಗಲ್ ಫ್ಯಾಮಿಲಿ ಗ್ರೂಪ್‌ಗೆ ಅಣ್ಣ ಸೇರಲು ಆಗುತ್ತಿಲ್ಲ

"ನಾನು ಮೈಸೂರಲ್ಲಿ, ಅಣ್ಣ ಜರ್ಮನಿಯಲ್ಲಿ. ಗೂಗಲ್ ಒನ್ ಶೇರ್ ಮಾಡೋಕೆ ಫ್ಯಾಮಿಲಿ ಇನ್ವೈಟ್ ಕಳಿಸಿದ್ರೆ ಅವನಿಗೆ ಸೇರೋಕಾಗ್ತಿಲ್ಲ. ನಾವಿರೋದು ನಾಲ್ಕೇ ಜನ."

ಮಿತಿ ನಿಮ್ಮನ್ನೂ ಸೇರಿಸಿ 6 ಜನ, ಹಾಗಾಗಿ ತೊಡಕು ಬಹುಶಃ ದೇಶದ್ದೇ. ಗ್ರೂಪ್‌ನವರೆಲ್ಲರ ಖಾತೆಯ ದೇಶ ಮ್ಯಾನೇಜರ್ ದೇಶವೇ ಆಗಿರಬೇಕು.

ಮೊದಲು ಅಣ್ಣನಿಗೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ Country and profiles ನೋಡಲು ಹೇಳಿ. ಅಲ್ಲಿ ಜರ್ಮನಿ ಇದ್ದರೆ ಕಾರಣ ಸಿಕ್ಕಿತು. ಭಾರತವೇ ಇದ್ದರೆ, ಅವರು ಕಳೆದ 12 ತಿಂಗಳಲ್ಲಿ ಬೇರೆ ಫ್ಯಾಮಿಲಿ ಗ್ರೂಪ್ ಬಿಟ್ಟು ಬಂದಿದ್ದಾರಾ ಕೇಳಿ. ಗ್ರೂಪ್ ಬದಲಾವಣೆಯೂ ವರ್ಷಕ್ಕೊಮ್ಮೆ ಮಾತ್ರ.

ವಿಪಿಎನ್ ಹಾಕಿ ಭಾರತಕ್ಕೆ ಬದಲಿಸುವ ಗೋಜಿಗೆ ಹೋಗಬೇಡಿ. ದೇಶ ಬದಲಿಸಲು ಇಲ್ಲಿನ ಕಾರ್ಡ್ ಬೇಕು, ಜೊತೆಗೆ ಹಳೇ ದೇಶದ ಪ್ಲೇ ಬ್ಯಾಲೆನ್ಸ್ ಬಳಸಲಾಗದು, ಒಂದು ವರ್ಷ ಹಿಂದಿರುಗಿಸಲೂ ಆಗದು. ಫೋಟೋಗಳಿಗಷ್ಟೇ ಆದರೆ ಶೇರ್ಡ್ ಆಲ್ಬಮ್ ಸಾಕು, ಅದಕ್ಕೆ ದೇಶದ ಹಂಗಿಲ್ಲ. ಜಾಗವೇ ಬೇಕಿದ್ದರೆ ಅವರು ಅಲ್ಲೇ ಬೇರೆ ಪ್ಲಾನ್ ತಗೊಳ್ಳಲಿ.