ಬೆನ್ನಟ್ಟದೆ ಹಿಡಿಯುವ ಬೇಟೆಗಾರ

"ಸಂಪಾದಕರೇ, ಕೊಳದ ದಡದಲ್ಲಿ ಒಂದು ಏರೋಪ್ಲೇನ್ ಚಿಟ್ಟೆ ಒಣಕಡ್ಡಿಯ ತುದಿಯಲ್ಲಿ ಕೂತಿತ್ತು. ಥಟ್ಟನೆ ಹಾರುವುದು, ಮತ್ತೆ ಅದೇ ಕಡ್ಡಿಗೆ ಬಂದು ಕೂರುವುದು. ಅರ್ಧ ಗಂಟೆ ಇದೇ ಆಟ. ಅಷ್ಟು ಚಿಕ್ಕ ನೊಣವನ್ನು ಗಾಳಿಯಲ್ಲೇ ಹೇಗೆ ಹಿಡಿಯುತ್ತದೆ? ಇದರ ಮರಿ ನೀರೊಳಗೆ ಬೆಳೆಯುತ್ತದೆ ಅಂತ ಮಗಳು ವಾದಿಸುತ್ತಾಳೆ. ನನಗೆ ನಂಬಿಕೆಯಿಲ್ಲ." — ಒಬ್ಬ ಓದುಗರು

ವಾದದಲ್ಲಿ ಮಗಳೇ ಗೆದ್ದಳು. ನೀರಿನ ಮಾತಿಗೆ ಆಮೇಲೆ ಬರೋಣ. ಮೊದಲು ಆ ಕಡ್ಡಿಯ ತುದಿ.

ನೀವು ನೋಡಿದ್ದು ಕೂತು ಕಾಯುವ ಜಾತಿಯ ಬೇಟೆ. ಅದರ ಕಣ್ಣಿನ ಮೇಲ್ಭಾಗದಲ್ಲಿ ನೋಟ ತುಂಬಾ ಚುರುಕಾಗಿರುವ ಒಂದು ಪಟ್ಟಿ ಇದೆ. ಆಕಾಶದ ಬೆಳಕಿಗೆ ಎದುರಾಗಿ ಚಲಿಸುವ ಕಪ್ಪು ಚುಕ್ಕೆ ಅಲ್ಲಿ ಬಿತ್ತೆಂದರೆ, ಮೊದಲು ತಲೆ ಅತ್ತ ತಿರುಗುತ್ತದೆ. ಆಮೇಲೆ ನೆಗೆತ.

ನೊಣದ ಹಿಂದೆ ಓಡುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಒಂದು ಲೆಕ್ಕ ಹಾಕಿ ನೋಡಿ. ನೊಣ ನೇರ ಮೇಲೆ 50 ಸೆಂಟಿಮೀಟರ್ ಎತ್ತರದಲ್ಲಿದೆ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅಡ್ಡ ಹೋಗುತ್ತಿದೆ. ಅದನ್ನು ಮುಟ್ಟಲು ಕಾಲು ಸೆಕೆಂಡು ಬೇಕು ಅನ್ನಿ. ಅಷ್ಟರಲ್ಲಿ ನೊಣ 25 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಈಗ ನೊಣ ಇರುವ ಜಾಗಕ್ಕೆ ಹಾರಿದರೆ ಸಿಗುವುದು ಬರೀ ಗಾಳಿ. ಹಾಗಾಗಿ ಅದು ನೊಣ ಬಂದು ಸೇರಲಿರುವ ಜಾಗಕ್ಕೇ ಹಾರುತ್ತದೆ.

ಆ ಜಾಗ ಗೊತ್ತಾಗುವುದು ಹೇಗೆ? ಹಡಗಿನವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ದೂರದ ಇನ್ನೊಂದು ಹಡಗು ಒಂದೇ ದಿಕ್ಕಿನಲ್ಲಿ ಕಾಣುತ್ತಲೇ ಇದ್ದು, ಸುಮ್ನೆ ದೊಡ್ಡದಾಗುತ್ತಾ ಬಂದರೆ ಡಿಕ್ಕಿ ಗ್ಯಾರಂಟಿ. ಅವರು ತಪ್ಪಿಸಿಕೊಳ್ಳುವ ಡಿಕ್ಕಿಯನ್ನೇ ನಮ್ಮ ಚಿಟ್ಟೆ ಬಯಸಿ ಮಾಡಿಕೊಳ್ಳುತ್ತದೆ. ನೊಣ ಕಾಣುವ ದಿಕ್ಕು ಬದಲಾಗದಂತೆ ತನ್ನ ದಾರಿ ತಿದ್ದಿಕೊಳ್ಳುತ್ತಾ ಹೋಗುತ್ತದೆ. ಮೈ ಎತ್ತ ವಾಲಿದರೂ ತಲೆ ನೊಣದ ಮೇಲೇ ನೆಟ್ಟಿರುತ್ತದೆ. ಕಣ್ಣಿನಿಂದ ಬಂದ ಈ ಸುದ್ದಿಯನ್ನು ರೆಕ್ಕೆಯ ಕಡೆಗೆ ಸಾಗಿಸುವುದಕ್ಕೆ ಮೀಸಲಾದ ನರಕೋಶಗಳು ಬರೀ ಹದಿನಾರು, ಅಂದರೆ ಎಂಟು ಜೋಡಿ. ನಾಲ್ಕು ರೆಕ್ಕೆಗಳನ್ನೂ ಬೇರೆ ಬೇರೆಯಾಗಿ ಆಡಿಸಬಲ್ಲದಾದ್ದರಿಂದ ತಿರುವು ಸಲೀಸು. ಕೊನೆಯಲ್ಲಿ ಮುಳ್ಳುಮುಳ್ಳಾದ ಕಾಲುಗಳನ್ನು ಬುಟ್ಟಿಯಂತೆ ಮುಂದೆ ಚಾಚುತ್ತದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ನೂರು ನೆಗೆತಗಳಲ್ಲಿ ಸುಮಾರು 97 ಫಲಿಸಿದ್ದವು.

ಹಾಗಂತ ಮೋಸ ಹೋಗುವುದೇ ಇಲ್ಲ ಅಂತಲ್ಲ. ಹತ್ತಿರದ ನೊಣವೂ ದೂರದ ಹಕ್ಕಿಯೂ ಕಣ್ಣಿಗೆ ಒಂದೇ ಗಾತ್ರದ ಚುಕ್ಕೆಯಾಗಿ ಕಾಣಬಹುದು. ಚುಕ್ಕೆಯ ಗಾತ್ರಕ್ಕೂ ವೇಗಕ್ಕೂ ಹೊಂದಿಕೆ ಇದೆಯೇ ಎಂದು ನೋಡಿ ಅದು ಹೊರಡುತ್ತದೆ. ಎಸೆದ ಚಿಕ್ಕ ಮಣಿಯ ಹಿಂದೆ ನೆಗೆಯುವುದೂ ಉಂಟು. ಇನ್ನೊಂದು ಮಾತು: ನೀವು ಕಂಡ ನೆಗೆತವೆಲ್ಲ ಊಟಕ್ಕೇ ಅಲ್ಲದಿರಬಹುದು. ಗಂಡುಗಳು ತಮ್ಮ ಜಾಗಕ್ಕೆ ಬಂದ ಇನ್ನೊಂದು ಗಂಡನ್ನು ಓಡಿಸುತ್ತವೆ. ವಾಪಸ್ ಬಂದು ಕೂತ ಮೇಲೆ ದವಡೆ ಆಡುತ್ತಿದ್ದರೆ ಊಟ ಸಿಕ್ಕಿದೆ. ಇಲ್ಲದಿದ್ದರೆ ಅದು ಜಗಳವಿರಬಹುದು.

ಈಗ ನೀರಿಗೆ ಇಳಿಯೋಣ. ಮೊಟ್ಟೆಯಿಂದ ಬಂದ ಮರಿ ಕೆಸರಲ್ಲೋ ಜೊಂಡಿನಲ್ಲೋ ಬೆಳೆಯುತ್ತದೆ. ಕೆಲವು ಜಾತಿಗಳಿಗೆ ಒಂದೆರಡು ತಿಂಗಳು ಸಾಕು, ಕೆಲವಕ್ಕೆ ವರ್ಷಗಳೇ ಬೇಕು. ಉಸಿರಾಟದ ಕಿವಿರು ಇರುವುದು ಗುದದ ಒಳಗೆ. ನಗಬೇಡಿ, ಅಲ್ಲಿಗೆ ಎಳೆದುಕೊಂಡ ನೀರನ್ನೇ ರಭಸವಾಗಿ ಹಿಂದಕ್ಕೆ ಚಿಮ್ಮಿ ಅಪಾಯದಿಂದ ಮುಂದಕ್ಕೆ ಹಾರಿಕೊಳ್ಳುತ್ತದೆ.

ಇಲ್ಲಿ ಬೇಟೆಯ ರೀತಿ ಪೂರ್ತಿ ಬೇರೆ. ಮರಿ ಅಲ್ಲಾಡದೆ ಕಾಯುತ್ತದೆ. ಅದರ ಕೆಳತುಟಿ ಉದ್ದವಾದ ತೋಳಿನಂತಿದ್ದು, ನಡುವೆ ಮಡಚಿಕೊಂಡು ಎದೆಯ ಕೆಳಗೆ ಅಡಗಿರುತ್ತದೆ. ತುದಿಯಲ್ಲಿ ಎರಡು ಕೊಕ್ಕೆ. ಸೊಳ್ಳೆಯ ಮರಿಯೋ ಗೊದಮೊಟ್ಟೆಯೋ ಅಳತೆಯೊಳಗೆ ಬಂದಾಗ ಎಳೆದು ಬಿಟ್ಟ ಕ್ಯಾಟರ್‌ಬಿಲ್ಲಿನಂತೆ ತುಟಿ ಮುಂದಕ್ಕೆ ಚಿಮ್ಮುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಮೈ ಇದ್ದಲ್ಲೇ ಇರುತ್ತದೆ, ತುಟಿ ಹೋಗಿ ಬರುತ್ತದೆ. ನನಗಂತೂ ಗಾಳಿಯ ಬೇಟೆಗಿಂತ ಇದೇ ಜಾಸ್ತಿ ವಿಚಿತ್ರ ಅನಿಸುತ್ತದೆ.

ಹತ್ತಾರು ಸಲ ಪೊರೆ ಬಿಟ್ಟ ಮೇಲೆ ಮರಿ ಊಟ ನಿಲ್ಲಿಸಿ, ಯಾವುದೋ ಕಡ್ಡಿ ಹತ್ತಿ ನೀರಿನಿಂದ ಹೊರಬರುತ್ತದೆ. ನಡುವೆ ಪಾತರಗಿತ್ತಿಗಿರುವಂಥ ಗೂಡಿನ ಹಂತ ಇಲ್ಲ. ಬೆನ್ನು ಬಿರಿದು, ಮುದುಡಿದ ರೆಕ್ಕೆಯ ಮೈ ಹೊರಬರುತ್ತದೆ. ಒಳಗಿನ ದ್ರವವನ್ನು ತುಂಬಿ ರೆಕ್ಕೆ ಬಿಡಿಸುತ್ತದೆ. ಆ ಹೊತ್ತಿನಲ್ಲಿ ಗಾಳಿಗೆ ಜಾರಿ ಬಿದ್ದರೆ ರೆಕ್ಕೆ ಸೊಟ್ಟಗೇ ಗಟ್ಟಿಯಾಗುತ್ತದೆ. ಅಂಥದ್ದು ಹಾರಲಾರದು.

ಮಗಳನ್ನು ಕರೆದುಕೊಂಡು ಮತ್ತೆ ಆ ದಡಕ್ಕೆ ಹೋಗಿ. ಜೊಂಡಿನ ದಂಟುಗಳಲ್ಲಿ ಬೆನ್ನು ಸೀಳಿದ ಕಂದು ಪೊರೆ ಅಂಟಿಕೊಂಡಿರಬಹುದು. ಸೀಳಿನಲ್ಲಿ ಕಾಣುವ ಬಿಳಿ ದಾರಗಳು ಉಸಿರುನಾಳದ ಒಳಪದರ. ಪೊರೆಯನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ತಲೆಯ ಕೆಳಗೆ ಗುಂಡುಸೂಜಿಯಿಂದ ಮೆಲ್ಲಗೆ ಎಳೆಯಿರಿ. ಮಡಚಿದ ತುಟಿ ಬಿಚ್ಚಿಕೊಳ್ಳುತ್ತದೆ.

— ಸಂ.