ನಿಜವಾದರೆ ಸಾಲದು, ಮೂಲದಲ್ಲಿ ಇರಬೇಕು

ಪ್ರಶ್ನೆ: ಸರ್, ನನ್ನ ಸಾರಾಂಶದಲ್ಲಿ ಒಂದೂ ಸುಳ್ಳಿಲ್ಲ. ಬೇಕಾದರೆ ಎಲ್ಲಿ ಬೇಕಾದರೂ ವಿಚಾರಿಸಿ. ಆದರೂ ನೋಡಿದವರು ‘ಮೂಲದಲ್ಲಿಲ್ಲ’ ಅಂತ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟಿದ್ದಾರೆ. ನಿಜವಾದ ಮಾತು ಬರೆದರೆ ತಪ್ಪೇನು? ಮೂಲ ಲೇಖನ, ನನ್ನ ಸಾರಾಂಶ ಎರಡನ್ನೂ ಕಳಿಸಿದ್ದೇನೆ, ನೀವೇ ನೋಡಿ ಹೇಳಿ. (ಬಸವನಗುಡಿಯಿಂದ)

ಉತ್ತರ: ಗೆರೆ ಎಳೆದವರು ಸರಿಯಾಗಿಯೇ ಎಳೆದಿದ್ದಾರೆ. ನನ್ನ ಕೈಗೆ ಕೊಟ್ಟಿದ್ದರೆ ಇನ್ನೂ ನಾಲ್ಕು ಗೆರೆ ಹೆಚ್ಚು ಬೀಳುತ್ತಿತ್ತು. ಓದುಗರೂ ನೋಡಲಿ ಎಂದು ಮೂಲವನ್ನು ಇಲ್ಲಿ ಕೊಡುತ್ತೇನೆ. ವಾಕ್ಯಗಳಿಗೆ ಅಂಕಿ ಹಾಕಿದವನು ನಾನು. ಕೆಲಸ ಶುರುವಾಗಬೇಕಾದದ್ದೂ ಅಲ್ಲಿಂದಲೇ.

> (1) ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದದ್ದು 1896ರಲ್ಲಿ, ಹೆಸರಘಟ್ಟ ಕೆರೆಯಿಂದ. (2) ಊರು ಬೆಳೆದಂತೆ ಆ ನೀರು ಸಾಲದಾಯಿತು. (3) 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಬಂತು. (4) ಆಮೇಲೆ ಕೆಲವು ಬಡಾವಣೆಗಳಲ್ಲಿ ತೆರೆದ ಬಾವಿಗಳನ್ನು ಮುಚ್ಚಿದರು ಎಂದು ಹಳಬರು ಹೇಳುತ್ತಾರೆ. (5) 1974ರಲ್ಲಿ ಕಾವೇರಿ ನೀರು ನಗರ ತಲುಪಿತು. (6) ಹೊರವಲಯದ ಹಲವು ಬಡಾವಣೆಗಳು ಇಂದಿಗೂ ಕೊಳವೆ ಬಾವಿ, ಟ್ಯಾಂಕರ್ ನೀರನ್ನು ನೆಚ್ಚಿಕೊಂಡಿವೆ.

ನಿಮ್ಮ ಸಾರಾಂಶ ಇದು:

> 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಬೆಂಗಳೂರಿಗೆ ನೀರು ಬಂತು. ಜಲಾಶಯದ ನೀರು ಸಿಕ್ಕಿದ್ದರಿಂದ ಬಡಾವಣೆಗಳ ತೆರೆದ ಬಾವಿಗಳನ್ನು ಮುಚ್ಚಲಾಯಿತು. ಸಾಲದ ಕಾವೇರಿ ನೀರಿನಿಂದಾಗಿ ಹೊರವಲಯ ಇಂದಿಗೂ ಟ್ಯಾಂಕರನ್ನೇ ನೆಚ್ಚಿದೆ.

ಮೂರೇ ವಾಕ್ಯ, ಮೂರೇ ಕ್ರಿಯಾಪದ. ಹಾಗೆಂದು ಮೂರೇ ಹೇಳಿಕೆ ಎಂದುಕೊಂಡರೆ ಅಲ್ಲೇ ಜಾರಿದಿರಿ. ಮೂಲವನ್ನು ಪಕ್ಕಕ್ಕಿಟ್ಟು ಸಾರಾಂಶವನ್ನೊಂದೇ ಎದುರಿಗಿಟ್ಟುಕೊಳ್ಳಿ. ‘ಹೌದು’ ಅಥವಾ ‘ಅಲ್ಲ’ ಎಂದು ಉತ್ತರಿಸಬಹುದಾದ ಪ್ರತಿ ಮಾತನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮೊದಲ ವಾಕ್ಯದಲ್ಲಿ ನಾಲ್ಕು ಸಿಗುತ್ತವೆ: ಮೂರು ಕಡೆಯಿಂದ ಮೂರು ಇಸವಿಗಳಲ್ಲಿ ನೀರು ಬಂದದ್ದು, ಜೊತೆಗೆ ಕಾವೇರಿ ನೂರು ಕಿಲೋಮೀಟರ್ ದೂರವಿದೆ ಎಂಬುದು. ಎರಡನೆಯದರಲ್ಲಿ ಎರಡು: ಬಾವಿ ಮುಚ್ಚಿದರು, ಮುಚ್ಚಿದ್ದಕ್ಕೆ ಜಲಾಶಯದ ನೀರೇ ಕಾರಣ. ಮೂರನೆಯದರಲ್ಲಿ ಮೂರು: ಕಾವೇರಿ ನೀರು ಸಾಲುತ್ತಿಲ್ಲ; ಹೊರವಲಯ ಟ್ಯಾಂಕರನ್ನೇ ನೆಚ್ಚಿದೆ; ಮೊದಲನೆಯದು ಎರಡನೆಯದಕ್ಕೆ ಕಾರಣ. ಒಟ್ಟು ಒಂಬತ್ತು.

ಪಟ್ಟಿ ಮಾಡುವಾಗ ವಾಕ್ಯದ ಕೊನೆಯ ಕ್ರಿಯಾಪದವನ್ನಷ್ಟೇ ಹುಡುಕುತ್ತಾ ಹೋಗಬೇಡಿ. ಕನ್ನಡದಲ್ಲಿ ಹೊಸ ಮಾತು ನುಸುಳುವುದು ಹೆಚ್ಚಾಗಿ ನಾಮಪದದ ಹಿಂದೆ, ವಿಶೇಷಣದ ವೇಷದಲ್ಲಿ. ‘ನೂರು ಕಿಲೋಮೀಟರ್ ದೂರದ ಕಾವೇರಿ’, ‘ಸಾಲದ ಕಾವೇರಿ ನೀರು’ ಎಂಬಲ್ಲಿ ಅಂಥ ಒಂದೊಂದು ಹೇಳಿಕೆ ಕೂತಿದೆ. ಓದುವವನು ಅದನ್ನು ಪ್ರಶ್ನಿಸದೆ ನುಂಗಿಕೊಂಡು ಮುಂದೆ ಹೋಗುತ್ತಾನೆ. ಅದನ್ನು ಕಿತ್ತು ‘ಕಾವೇರಿ ನೀರು ಸಾಲುತ್ತಿಲ್ಲ’ ಎಂದು ಪೂರ್ಣ ವಾಕ್ಯ ಮಾಡಿ ನೋಡಿ. ಇದನ್ನು ಹೇಳಿದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಈಗ ಮೂಲವನ್ನು ತೆಗೆಯಿರಿ. ಒಂಬತ್ತರಲ್ಲಿ ಪ್ರತಿಯೊಂದರ ಮುಂದೆಯೂ ಅದಕ್ಕೆ ಆಧಾರವಾದ ವಾಕ್ಯದ ಅಂಕಿ ಬರೆಯಬೇಕು. ಅಂಕಿ ಸಿಗದಿದ್ದರೆ ‘ಇಲ್ಲ’ ಎಂದು ಬರೆಯಿರಿ. ಮೂಲ ಅದಕ್ಕೆ ಉಲ್ಟಾ ಹೇಳುತ್ತಿದ್ದರೆ ‘ವಿರುದ್ಧ’. ‘ಹೆಚ್ಚುಕಡಿಮೆ ಇದೆ’ ಎಂಬ ನಾಲ್ಕನೆಯ ಗುರುತನ್ನು ಇಟ್ಟುಕೊಳ್ಳಲೇಬೇಡಿ. ಅದೊಂದಿದ್ದರೆ ಎಲ್ಲವೂ ಅದರೊಳಗೇ ಹೋಗಿ ಬೀಳುತ್ತದೆ.

ನೀರು ಬಂದ ಮೂರು ಹೇಳಿಕೆಗಳಿಗೆ 1, 3, 5 ಎಂಬ ಅಂಕಿಗಳು ಸಲೀಸಾಗಿ ಸಿಕ್ಕವು. ನೂರು ಕಿಲೋಮೀಟರ್‌ಗೆ ಅಂಕಿ ಇಲ್ಲ. ದೂರ ಸುಮಾರು ಅಷ್ಟಿರುವುದು ನಿಜ, ಊರಿನ ಅರ್ಧ ಜನಕ್ಕೆ ಗೊತ್ತು, ಆದರೂ ತೆಗೆಯಲೇಬೇಕು. ಸಾರಾಂಶ ಓದುವವನು ಅದನ್ನು ಮೂಲದ ಲೇಖಕರ ಮಾತು ಎಂದೇ ಓದುತ್ತಾನೆ. ನಾಳೆ ಯಾರಾದರೂ ‘ಆ ಲೇಖನದಲ್ಲಿ ಹೀಗಿದೆ’ ಎಂದು ಉಲ್ಲೇಖಿಸಿದರೆ, ಲೇಖಕರು ಹೇಳದ ಮಾತಿಗೆ ಲೇಖಕರು ಹೊಣೆಯಾಗುತ್ತಾರೆ. ಲೋಕದ ಸತ್ಯವನ್ನು ಪರೀಕ್ಷಿಸುವುದು ಬೇರೆ ಕೆಲಸ, ಅದನ್ನು ಬೇರೆ ಹೊತ್ತಿನಲ್ಲಿ ಮಾಡಿಕೊಳ್ಳಿ. ಹೆಚ್ಚು ತಿಳಿದವರೇ ಇಲ್ಲಿ ಹೆಚ್ಚು ಎಡವುವುದು. ವಿಷಯ ಗೊತ್ತಿಲ್ಲದವನು ಸೇರಿಸಲು ಏನೂ ಇಲ್ಲದೆ ಸುಮ್ಮನಿರುತ್ತಾನೆ.

ಬಾವಿ ಮುಚ್ಚಿದ ಮಾತಿಗೆ 4 ಎಂಬ ಅಂಕಿ ಸಿಗುತ್ತದೆ, ಆದರೆ ಅಂಕಿ ಸಿಕ್ಕಿತೆಂದು ಮುಂದೆ ಓಡಬೇಡಿ. ನಾಲ್ಕನೆಯ ವಾಕ್ಯವನ್ನು ಪದ ಪದ ಹಿಡಿದು ಪಕ್ಕದಲ್ಲಿಟ್ಟು ನೋಡಿ. ಮೂಲದಲ್ಲಿ ‘ಕೆಲವು ಬಡಾವಣೆಗಳು’, ನಿಮ್ಮಲ್ಲಿ ‘ಕೆಲವು’ ಮಾಯ. ಮೂಲದಲ್ಲಿ ‘ಹಳಬರು ಹೇಳುತ್ತಾರೆ’, ನಿಮ್ಮಲ್ಲಿ ಹಳಬರೂ ಇಲ್ಲ, ಹೇಳುವುದೂ ಇಲ್ಲ. ಬಾಯಿಮಾತು ಇದ್ದಕ್ಕಿದ್ದಂತೆ ದಾಖಲೆಯಾಗಿಬಿಟ್ಟಿದೆ. ‘ಅಂತೆ’, ‘ಎನ್ನಲಾಗಿದೆ’, ‘ಇರಬಹುದು’, ‘ಆರೋಪಿಸಿದ್ದಾರೆ’ ಇವೆಲ್ಲ ಜಾಗ ಉಳಿಸಲು ಮೊದಲು ಕತ್ತರಿಸುವ ಪದಗಳು, ಕತ್ತರಿಸಲೇಬಾರದ ಪದಗಳೂ ಅವೇ. ಬಾವಿ ಮುಚ್ಚಿದ ಈ ಮಾತಿಗೆ ನೀವು ಹೊಸದಾಗಿ ಒಂದು ಪದವನ್ನೂ ಸೇರಿಸಿಲ್ಲ, ನಿಜ. ತೆಗೆದದ್ದರಿಂದಲೇ ಹೊಸ ಹೇಳಿಕೆ ಹುಟ್ಟಿದೆ.

ಇನ್ನು ‘ಸಿಕ್ಕಿದ್ದರಿಂದ’. ಮೂಲದಲ್ಲಿರುವುದು ‘ಆಮೇಲೆ’. ಅದು ಕಾಲದ ಮಾತು, ನಿಮ್ಮದು ಕಾರಣದ ಮಾತು. ಬಾವಿ ಮುಚ್ಚಿದ್ದು ನೀರು ಕೆಟ್ಟು ಇರಬಹುದು, ಮಕ್ಕಳು ಬಿದ್ದಾರೆಂಬ ಭಯಕ್ಕಿರಬಹುದು, ಸೈಟಿನ ಆಸೆಗಿರಬಹುದು. ಲೇಖಕರು ಹೇಳಿಲ್ಲ. ಅನುಮಾನ ಬಂದಾಗಲೆಲ್ಲ ಮಾಡಬೇಕಾದ ಪರೀಕ್ಷೆ ಒಂದೇ: ಮೂಲದ ಪ್ರತಿ ವಾಕ್ಯವನ್ನೂ ಒಪ್ಪಿಕೊಂಡ ಮನುಷ್ಯ ಸಾರಾಂಶದ ಈ ಮಾತನ್ನು ಮಾತ್ರ ‘ಅಲ್ಲ’ ಎನ್ನಬಹುದೇ? ಎನ್ನಬಹುದಾದರೆ ಅದು ನಿಮ್ಮ ಸೇರ್ಪಡೆ. ಹೆಸರಘಟ್ಟದ ನೀರಿಗೂ ತಿಪ್ಪಗೊಂಡನಹಳ್ಳಿಯ ನೀರಿಗೂ ನಡುವೆ 37 ವರ್ಷ ಎಂದು ಬರೆದಿದ್ದರೆ ನಾನು ಬಿಡುತ್ತಿದ್ದೆ. ಆ ಅಂಕಿ ಮೂಲದಲ್ಲಿಲ್ಲದಿದ್ದರೂ ಎರಡು ಇಸವಿಗಳನ್ನು ಒಪ್ಪಿದವನು ಅದನ್ನು ಅಲ್ಲಗಳೆಯಲಾರ. ಜಲಾಶಯದಿಂದಲೇ ಬಾವಿ ಮುಚ್ಚಿತು ಎಂಬುದನ್ನು ಧಾರಾಳವಾಗಿ ಅಲ್ಲಗಳೆಯಬಹುದು.

ಕೊನೆಯ ವಾಕ್ಯವಂತೂ ಪೂರ್ತಿ ನಿಮ್ಮದೇ ಸೃಷ್ಟಿ. ‘ಸಾಲದಾಯಿತು’ ಎಂಬ ಮಾತು ಮೂಲದಲ್ಲಿ ಇರುವುದು ಹೆಸರಘಟ್ಟದ ನೀರಿಗೆ, ಎರಡನೇ ವಾಕ್ಯದಲ್ಲಿ. ನೀವು ಅದನ್ನು ಎತ್ತಿ ಕಾವೇರಿಗೆ ಅಂಟಿಸಿದ್ದೀರಿ, ಮೇಲೆ ‘ಇಂದಾಗಿ’ ಎಂದು ಕಾರಣದ ಬೆಸುಗೆ ಹಾಕಿದ್ದೀರಿ. ‘ಹಲವು ಬಡಾವಣೆಗಳು’ ಇಡೀ ‘ಹೊರವಲಯ’ವಾಯಿತು. ಕೊಳವೆ ಬಾವಿ ಬಿಟ್ಟುಹೋಯಿತು. ಅದನ್ನು ಬಿಟ್ಟಿದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಆದರೆ ಬಿಟ್ಟ ಮೇಲೆ ‘ಟ್ಯಾಂಕರನ್ನೇ’ ಎಂದು ಒಂದು ಏಕಾರ ಏರಿಸಿದ್ದೀರಿ. ಆ ಒಂದು ಅಕ್ಷರದಿಂದ ‘ಬೇರೆ ಯಾವುದೂ ಇಲ್ಲ’ ಎಂಬ ಅರ್ಥ ಬಂತು. ಕೊಳವೆ ಬಾವಿ ಇದೆ ಎನ್ನುವ ಆರನೇ ವಾಕ್ಯಕ್ಕೆ ಅದು ನೇರವಾಗಿ ವಿರುದ್ಧ.

ಇಷ್ಟಾದ ಮೇಲೆ ಒಂದು ಸಲ ತಿರುಗುಮುರುಗಾಗಿ ಓದಿ. ಮೂಲದ ವಾಕ್ಯ ಒಂದೊಂದನ್ನೂ ಹಿಡಿದು, ಇದನ್ನು ಬಿಟ್ಟದ್ದರಿಂದ ಉಳಿದದ್ದರ ಅರ್ಥ ಬದಲಾಯಿತೇ ಎಂದು ಕೇಳಿಕೊಳ್ಳಿ. ಬಿಡುವುದು ಸಾರಾಂಶದ ಹಕ್ಕು, ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಮೊದಲ ವಾಕ್ಯದ ‘ಕೊಳವೆಯಲ್ಲಿ’ ಎಂಬುದನ್ನು ನೀವು ಬಿಟ್ಟಿದ್ದೀರಿ. ಆಗ 1896ಕ್ಕೆ ಮುಂಚೆ ಊರಿಗೆ ನೀರೇ ಇರಲಿಲ್ಲವೇನೋ ಎಂದು ಕೇಳಿಸುತ್ತದೆ. ಅದು ವಾಪಸ್ ಬರಬೇಕು. ಹಳಬರ ಬಾವಿ ಪೂರ್ತಿ ಹೋದರೂ ನಷ್ಟವಿಲ್ಲ. ಇಟ್ಟುಕೊಂಡರೆ ಮಾತ್ರ ‘ಕೆಲವು’, ‘ಹಳಬರು ಹೇಳುತ್ತಾರೆ’ ಎರಡನ್ನೂ ಜೊತೆಗೇ ಇಟ್ಟುಕೊಳ್ಳಬೇಕು.

ಹೀಗೆ ಬರೆದರೆ ಸಾಕಿತ್ತು:

> ಬೆಂಗಳೂರಿಗೆ ಕೊಳವೆ ನೀರು 1896ರಲ್ಲಿ ಹೆಸರಘಟ್ಟದಿಂದ ಬಂತು. ಅದು ಸಾಲದಾದ ಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ, 1974ರಲ್ಲಿ ಕಾವೇರಿಯ ನೀರು ಬಂತು. ಹೊರವಲಯದ ಹಲವು ಬಡಾವಣೆಗಳು ಇಂದಿಗೂ ಕೊಳವೆ ಬಾವಿ, ಟ್ಯಾಂಕರ್ ನೆಚ್ಚಿವೆ.

‘ಸಾಲದಾದ ಮೇಲೆ’ ಎಂದಿದ್ದೇನೆ, ‘ಸಾಲದ್ದರಿಂದ’ ಎಂದಿಲ್ಲ, ಗಮನಿಸಿ. ಎರಡು, ಮೂರನೇ ವಾಕ್ಯಗಳನ್ನು ಒಟ್ಟಿಗೆ ಓದಿದವರು ಕಾರಣವನ್ನು ತಾವೇ ಊಹಿಸುತ್ತಾರೆ. ಊಹಿಸಲಿ. ಮೂಲ ಓದಿದವರಿಗೆ ಎಷ್ಟು ಊಹೆಗೆ ಅವಕಾಶವಿತ್ತೋ ಅಷ್ಟನ್ನೇ ಉಳಿಸಬೇಕು, ಅವರ ಪರವಾಗಿ ತೀರ್ಪು ಕೊಡಬಾರದು.

ಪ್ರಶ್ನೆ: ಮೂಲದ ಪದಗಳನ್ನೇ ಬಳಸಿದರೆ ತಪ್ಪಾಗೋದೇ ಇಲ್ಲ ಅಂತ ಕೋಚಿಂಗ್‌ನಲ್ಲಿ ಹೇಳಿಕೊಡುತ್ತಾರೆ. ಎಷ್ಟು ಪದ ಹೊಂದುತ್ತೆ ಅಂತ ಶೇಕಡಾ ಲೆಕ್ಕ ಹಾಕುವ ಸಾಫ್ಟ್‌ವೇರೂ ಇದೆ. ನಂಬಬಹುದಾ? (ವಿಜಯನಗರ)

ಉತ್ತರ: ಶುದ್ಧ ಬುರುಡೆ. ಮೇಲಿನ ‘ಸಾಲದ’ ಮೂಲದ ಪದವೇ, ‘ಕಾವೇರಿ ನೀರು’ ಕೂಡ ಮೂಲದ್ದೇ, ಎರಡೂ ಸೇರಿದಾಗ ಬಂದದ್ದು ಮೂಲದಲ್ಲಿಲ್ಲದ ಮಾತು. ‘ಬಂತು’ ಎಂಬುದನ್ನು ‘ಬರಲಿಲ್ಲ’ ಮಾಡಿದರೆ ಶೇಕಡಾ ಲೆಕ್ಕ ಕೊಂಚ ಇಳಿದೀತು, ಅರ್ಥ ಮಾತ್ರ ತಲೆಕೆಳಗಾಗಿರುತ್ತದೆ. ಆ ಲೆಕ್ಕ ಅಳೆಯುವುದು ಪದಗಳ ಹೋಲಿಕೆಯನ್ನು. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ಅದಕ್ಕೆ ಕಾಣುವುದೇ ಇಲ್ಲ. ಇದಕ್ಕೆ ಫೀಸು ಕಟ್ಟಿದ್ದರೆ ವಾಪಸ್ ಕೇಳಿ.

ಪ್ರಶ್ನೆ: ಮೂರನೇ ಒಂದು ಭಾಗಕ್ಕೆ ಇಳಿಸಿದ್ದೇನೆ. ಇನ್ನೇನು ನೋಡಬೇಕು? (ಕೆಂಗೇರಿ)

ಉತ್ತರ: ನೀವು ಉದ್ದ ನೋಡಿದ್ದೀರಿ, ಅಷ್ಟೇ. ಮೇಲಿನ ಉತ್ತರವನ್ನು ಮೊದಲಿನಿಂದ ಓದಿ.

ಪ್ರಶ್ನೆ: ಕೊನೆಯಲ್ಲಿ ‘ನೀರನ್ನು ಮಿತವಾಗಿ ಬಳಸೋಣ’ ಅಂತ ಒಂದು ಸಂದೇಶ ಇದ್ದರೆ ಚೆನ್ನಾಗಿರುತ್ತೆ ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ. ಹಾಕಲಾ? (ಯಲಹಂಕ)

ಉತ್ತರ: ಬೇಡ. ಅದನ್ನು ಮೇಷ್ಟ್ರು ಭಾಷಣದಲ್ಲಿ ಹೇಳಲಿ.

ಪ್ರಶ್ನೆ: ಮೂಲದಲ್ಲೇ ಇಸವಿ ತಪ್ಪಾಗಿದೆ ಅಂತ ನನಗೆ ಚೆನ್ನಾಗಿ ಗೊತ್ತು. ಸಾರಾಂಶದಲ್ಲಿ ಸರಿ ಮಾಡಿ ಬರೆದುಬಿಡಲಾ? (ಮಲ್ಲೇಶ್ವರ)

ಉತ್ತರ: ಸದ್ದಿಲ್ಲದೆ ತಿದ್ದಬೇಡಿ. ಹಾಗೆ ತಿದ್ದಿದರೆ ಮೂಲದಲ್ಲಿ ತಪ್ಪು ಹಾಗೇ ಉಳಿಯುತ್ತದೆ, ಎರಡನ್ನೂ ಹೋಲಿಸಿದವನು ತಪ್ಪಿದ್ದು ನೀವೇ ಎಂದುಕೊಳ್ಳುತ್ತಾನೆ. ಸಾರಾಂಶದಲ್ಲಿ ಮೂಲದ ಇಸವಿಯನ್ನೇ ‘ಲೇಖನದ ಪ್ರಕಾರ’ ಎಂದು ಸೇರಿಸಿ ಬರೆಯಿರಿ. ಸಾರಾಂಶ ಮುಗಿದ ಮೇಲೆ ಒಂದು ಸಾಲು ಬಿಟ್ಟು, ‘ಪರಿಶೀಲಕರ ಟಿಪ್ಪಣಿ’ ಎಂಬ ತಲೆಬರಹದಡಿ ಸರಿಯಾದ ಇಸವಿಯನ್ನೂ ಅದು ಎಲ್ಲಿ ಸಿಕ್ಕಿತೆಂಬುದನ್ನೂ ಕೊಡಿ. ಇಸವಿ ಸಾರಾಂಶಕ್ಕೆ ಅನಿವಾರ್ಯವಲ್ಲದಿದ್ದರೆ ಅದನ್ನು ಬಿಟ್ಟೇಬಿಡಿ, ತಪ್ಪಿನ ವಿಷಯವನ್ನು ಮಾತ್ರ ಮೂಲ ಬರೆದವರಿಗೆ ತಿಳಿಸಿ.