ಏಕಾದಶಿಯ ದಿನವೂ ತಪ್ಪದ ಮಾತ್ರೆ

*ನನ್ನ ಗಂಡನಿಗೆ 49 ವರ್ಷ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಮುದ್ರಾಧಾರಣೆ ಮಾಡಿಸಿಕೊಂಡು ಬಂದಮೇಲೆ ಮನುಷ್ಯರೇ ಬದಲಾಗಿಬಿಟ್ಟರು. ಮನೆಯೊಳಗೆ ಈರುಳ್ಳಿ ಬೆಳ್ಳುಳ್ಳಿ ಬರುವಂತಿಲ್ಲ. ಬೆಳಿಗ್ಗೆ ಅವರ ಪೂಜೆ ಮುಗಿಯುವ ತನಕ ನಾನೂ ಮಗಳೂ ಅಡುಗೆಮನೆಗೆ ಕಾಲಿಡುವಂತಿಲ್ಲ. ನಾನು ಒಂಬತ್ತೂವರೆಗೆ ಬ್ಯಾಂಕಿಗೆ ಹೊರಡಬೇಕು. ಏಕಾದಶಿ ಪೂರ್ತಿ ನಿರ್ಜಲ. ಶುಗರ್ ಇದೆ, ಆದರೆ ಪುಣ್ಯಕ್ಕೆ ಮಾತ್ರೆ ಮಾತ್ರ ತಪ್ಪಿಸುವುದಿಲ್ಲ, ಒಂದು ಉದ್ಧರಣೆ ತೀರ್ಥದಲ್ಲಿ ನುಂಗಿಬಿಡುತ್ತಾರೆ. ಆ ದಿನ ಸಂಜೆಯಾದರೆ ಸಿಡಿಮಿಡಿ, ಮೈಯೆಲ್ಲ ಬೆವರು. ಹೋದ ಸಲ ಮಗಳನ್ನು ಬೇರೆ ಯಾರದೋ ಹೆಸರಿನಿಂದ ಕರೆದು, ತಟ್ಟೆ ಬೀಸಿ ಎಸೆದರು. ಇದನ್ನೆಲ್ಲ ಕಲಿಸಿದ್ದು ಬೆಂಗಳೂರಿನಲ್ಲಿರುವ ಅವರ ಅಣ್ಣ. ಈ ವರ್ಷ ಚಾತುರ್ಮಾಸ್ಯವನ್ನೂ ಹಿಡಿಯುತ್ತಾರಂತೆ. ಅತ್ತೆಯವರು ಬಾಯಿ ಬಿಡುವುದಿಲ್ಲ. ದೇವರಿಗೆ ಅಡ್ಡ ಬಂದವಳು ಅನ್ನಿಸಿಕೊಳ್ಳದೆ ಇದನ್ನು ತಡೆಯುವುದು ಹೇಗೆ?*
*— ಹೆಸರು ಬೇಡ, ಧಾರವಾಡ*

ನೀವು ‘ಪುಣ್ಯಕ್ಕೆ’ ಅಂದಿರಲ್ಲ ತಾಯಿ, ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೊಂದೇ ಮಾತು. ಈರುಳ್ಳಿ, ಮಡಿ, ಅಡುಗೆಮನೆ ಎಲ್ಲ ಆಮೇಲೆ. ಮೊದಲು ಎದ್ದು ಆ ಮಾತ್ರೆಯ ಹಾಳೆಯನ್ನು ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಅಂತ ಇದ್ದರೆ, ಒಂಟಿಯಾಗಿಯಾದರೂ ಸರಿ, ಮೆಟ್‌ಫಾರ್ಮಿನ್ ಜೊತೆ ಸೇರಿಯಾದರೂ ಸರಿ, ಏಕಾದಶಿ ಸಂಜೆಯ ಬೆವರಿಗೂ ಸಿಡುಕಿಗೂ ಅದೇ ಕಾರಣ ಇದ್ದೀತು.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಮೇಲೆ ಹೇಳಿದ ಮಾತ್ರೆಗಳು ಹಾಗಲ್ಲ. ಅವು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ, ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಕೇಳುವುದಿಲ್ಲ. ಗ್ಲಿಮೆಪಿರೈಡ್ ಬೆಳಿಗ್ಗೆ ನುಂಗಿದರೆ ಅದರ ಪ್ರಭಾವ ಹೆಚ್ಚುಕಡಿಮೆ ಮರುದಿನ ಬೆಳಗಿನ ತನಕ ಇರುತ್ತದೆ. ಅದನ್ನು ತಿಂಡಿಯ ಜೊತೆ ತೆಗೆದುಕೊಳ್ಳಿ ಅಂತ ಡಾಕ್ಟರು ಬರೆದುಕೊಡುವುದು ಸುಮ್ಮನೆ ಅಲ್ಲ.

ಈಗ ನಿಮ್ಮ ಮನೆಯ ಲೆಕ್ಕ ಹಾಕಿ. ದಶಮಿ ಒಪ್ಪತ್ತು, ಅಂದರೆ ಮಧ್ಯಾಹ್ನ ಒಂದು ಗಂಟೆಗೆ ಊಟ ಮುಗಿಯಿತು. ದ್ವಾದಶಿ ಪಾರಣೆ ಬೆಳಿಗ್ಗೆ ಏಳಕ್ಕೆ ಅಂದುಕೊಳ್ಳೋಣ. ನಡುವೆ 42 ಗಂಟೆ. ಅದರಲ್ಲಿ ಹರಿವಾಸರ ಮುಗಿಯದೆ ಪಾರಣೆ ಇಲ್ಲ ಅಂತ ಕೆಲವು ದ್ವಾದಶಿಗಳಲ್ಲಿ ಇನ್ನೂ ತಡ. ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನಕ್ಕೆ ಬರಿದಾಗುತ್ತದೆ. ದಶಮಿ ಮಧ್ಯಾಹ್ನದ ಊಟ ಏಕಾದಶಿ ಮಧ್ಯಾಹ್ನದ ಹೊತ್ತಿಗೆ ತೀರಿತು. ಬೆಳಿಗ್ಗೆ ಎಂಟಕ್ಕೆ ತೀರ್ಥದಲ್ಲಿ ಇಳಿದ ಮಾತ್ರೆ ಮಾತ್ರ ಇನ್ನೂ ಕೆಲಸ ಮಾಡುತ್ತಲೇ ಇದೆ. ಸಂಜೆ ಬೆವರು, ಕೈ ನಡುಕ, ಎದೆಬಡಿತ ಶುರುವಾಗುವುದು ಇಲ್ಲಿಂದ. ಮಿದುಳಿಗೆ ಸಕ್ಕರೆ ಸಾಲದಾದಾಗ ಸಿಡುಕು, ಮಂಕು, ಹೆಸರು ತಪ್ಪುವುದು. ಅದಕ್ಕೂ ಮುಂದೆ ಹೋದರೆ ಅಪಸ್ಮಾರದಂಥ ಸೆಳೆತ, ಎಚ್ಚರ ತಪ್ಪುವುದು.

ತಟ್ಟೆ ಎಸೆದದ್ದು ಸಕ್ಕರೆಯೋ ಸ್ವಭಾವವೋ ಎಂದು ನಾನು ಇಲ್ಲಿ ಕೂತು ಹೇಳಲಾರೆ, ಗ್ಲುಕೋಮೀಟರ್ ಹೇಳಬೇಕು. ಸಿಡುಕು ಏರಿದ ಹೊತ್ತಿನಲ್ಲಿ ಬೆರಳು ಚುಚ್ಚಿ ನೋಡಿದಾಗ 70ಕ್ಕಿಂತ ಕಡಿಮೆ ಬಂದರೆ ಅದು ಕಾಯಿಲೆ. 110 ಬಂದರೆ ಅದು ಕೋಪ, ಅದಕ್ಕೆ ಏಕಾದಶಿಯ ಆಸರೆ ಕೊಡಬೇಡಿ. ಮಗಳ ಮುಂದೆ ಅವರು ತಪ್ಪಾಯಿತು ಅನ್ನಲೇಬೇಕು.

70ರ ಕೆಳಗೆ ಬಂದ ಗಳಿಗೆಯಲ್ಲೇ ಉಪವಾಸ ಮುಗಿಯಿತು. ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. ಬೆಲ್ಲದುಂಡೆ, ಪೇಡೆ ಬೇಡ, ಅವು ನಿಧಾನ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೂ ಹಾಲೋ ಹಣ್ಣೋ ಅವಲಕ್ಕಿಯೋ ಹೊಟ್ಟೆಗೆ ಬೀಳಲೇಬೇಕು, ಯಾಕೆಂದರೆ ಮಾತ್ರೆ ಇನ್ನೂ ಒಳಗಿದೆ, ಎರಡು ಗಂಟೆಯ ಮೇಲೆ ಸಕ್ಕರೆ ಮತ್ತೆ ಕುಸಿಯಬಹುದು. ಆ ರಾತ್ರಿ ಅವರೊಬ್ಬರನ್ನೇ ಬಾಗಿಲು ಹಾಕಿಕೊಂಡು ಮಲಗಲು ಬಿಡಬೇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ತೀರ್ಥವನ್ನೂ ಕೂಡ, ಶ್ವಾಸಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಹಾಗಾದರೆ ಏಕಾದಶಿ ದಿನ ಮಾತ್ರೆ ನಿಲ್ಲಿಸಿದರಾಯಿತು ಅಂತ ನೀವೇ ತೀರ್ಮಾನಿಸಬೇಡಿ. ಯಾವುದನ್ನು ಬಿಡಬೇಕು, ಯಾವುದನ್ನು ಅರ್ಧ ಮಾಡಬೇಕು, ಯಾವುದನ್ನು ಪಾರಣೆಯ ನಂತರಕ್ಕೆ ಸರಿಸಬೇಕು ಎನ್ನುವುದು ಡಾಕ್ಟರ ಕೆಲಸ. ಹಾಳೆಯ ಮೇಲೆ ‘ಫ್ಲೋಜಿನ್’ ಎಂದು ಕೊನೆಯಾಗುವ ಹೆಸರಿದ್ದರೆ ಅದನ್ನು ಬೆರಳಿಟ್ಟು ತೋರಿಸಿ. ಅದು ಮೂತ್ರದಲ್ಲಿ ಸಕ್ಕರೆಯ ಜೊತೆ ನೀರನ್ನೂ ಹೊರಹಾಕುತ್ತದೆ, ನಿರ್ಜಲದ ಜೊತೆ ಅದು ಬೇರೆಯೇ ಅಪಾಯ.

ಡಾಕ್ಟರಿಗೆ ಇದೆಲ್ಲ ಗೊತ್ತಿಲ್ಲವೇ ಅಂದರೆ, ಯಾರೂ ಹೇಳಿರುವುದಿಲ್ಲ. ಹೇಳಿದರೂ ‘ಉಪವಾಸ ಮಾಡ್ತೀನ್ರಿ’ ಅನ್ನುತ್ತಾರೆ, ಡಾಕ್ಟರು ಸಾಬೂದಾಣಿ, ಬಾಳೆಹಣ್ಣಿನ ಉಪವಾಸ ಅಂದುಕೊಳ್ಳುತ್ತಾರೆ. ಇಲ್ಲವೇ ‘ಮಾಡಲೇಬೇಡಿ’ ಎಂದು ಗದರುತ್ತಾರೆ, ನಿಮ್ಮವರು ಮತ್ತೆ ಆ ಕಡೆ ಮುಖ ಹಾಕುವುದಿಲ್ಲ. ಆದ್ದರಿಂದ ನೀವು ಕೇಳಬೇಕಾದ್ದು ಇದು: ‘ದಶಮಿ ಮಧ್ಯಾಹ್ನ ಒಂದಕ್ಕೆ ಊಟ, ದ್ವಾದಶಿ ಬೆಳಿಗ್ಗೆ ಏಳಕ್ಕೆ ಪಾರಣೆ, ನಡುವೆ ನೀರೂ ಇಲ್ಲ, ತಿಂಗಳಿಗೆ ಎರಡು ಸಲ. ಇದು ಇವರಿಗೆ ಆಗುತ್ತದೆಯೇ? ಆಗದಿದ್ದರೆ ನೀರು, ಹಾಲು, ಹಣ್ಣು ಇಟ್ಟುಕೊಂಡು ಮಾಡಿದರೆ ಮೂರೂ ದಿನ ಯಾವ ಮಾತ್ರೆ ಎಷ್ಟು ಹೊತ್ತಿಗೆ?’ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನು ನಿಮ್ಮ ಭಾವನವರು. ನನ್ನ ಸಿಟ್ಟೆಲ್ಲ ಅವರ ಮೇಲೇ. ತಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಿದ್ದೂ ಫೋನಿನಲ್ಲಿ ನಿರ್ಜಲದ ಉಪದೇಶ ಕೊಡುವ ಅಣ್ಣನಿಗೆ, ಏಕಾದಶಿ ಸಂಜೆ ಏಳು ಗಂಟೆಗೆ ಒಂದು ಸಲ ಫೋನ್ ಮಾಡಿ ‘ಹೆಂಗದೀಯೋ’ ಅಂತ ಕೇಳಲು ಏನು ಅಡ್ಡಿ? ಇವರು ‘ಎಂಟು ದಾಟಿದವರಿಂದ ಎಂಬತ್ತು ತುಂಬದವರ ತನಕ ಎಲ್ಲರಿಗೂ ಉಪವಾಸ ಕಡ್ಡಾಯ’ ಎನ್ನುವ ಶ್ಲೋಕ ಹೇಳುತ್ತಾರೆ, ಹೇಳಿಯೇ ಇರುತ್ತಾರೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಹೇಳುವ ಇನ್ನೊಂದು ಶ್ಲೋಕವಿದೆ. ಎಂಟು ವಸ್ತುಗಳಿಂದ ವ್ರತ ಕೆಡುವುದಿಲ್ಲ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ‘ಏಕಾದಶಿಗೆ ಅದು ಅನ್ವಯಿಸುವುದಿಲ್ಲ’ ಎಂದು ಅವರು ವಾದಕ್ಕೆ ನಿಂತಾರು. ವಾದ ಮಾಡಬೇಡಿ. ಆ ಪಟ್ಟಿಯ ಏಳನೆಯದನ್ನು ಹಿಡಿಯಿರಿ. ಮುದ್ರೆ ಕೊಟ್ಟ ಮಠದಲ್ಲಿ, ಡಾಕ್ಟರ ಚೀಟಿ ಮುಂದಿಟ್ಟು, ನಿಮ್ಮವರೇ ಕೇಳಲಿ: ‘ನನಗೆ ಅನುಕಲ್ಪ ಏನು?’ ಅಶಕ್ತರಿಗೆ, ರೋಗಿಗಳಿಗೆ ಹಾಲು ಹಣ್ಣಿನ ಉಪವಾಸವೋ ರಾತ್ರಿ ಒಂದು ಹೊತ್ತಿನ ನಕ್ತವೋ ಹೇಳುವ ರೂಢಿ ಸಂಪ್ರದಾಯದೊಳಗೇ ಇದೆ. ನೀವು ಹೇಳಿದರೆ ಹೆಂಡತಿಯ ಅಡ್ಡಿ, ಅಲ್ಲಿಂದ ಬಂದರೆ ಆಜ್ಞೆ.

ಚಾತುರ್ಮಾಸ್ಯದ ಬಗ್ಗೆ ಚೀಟಿ ಬರುವ ತನಕ ಮಾತೇ ಬೇಡ. ಮೊದಲ ತಿಂಗಳು ಶಾಕವ್ರತ, ತರಕಾರಿ ಸೊಪ್ಪು ಎಲ್ಲ ಬಂದ್. ತಟ್ಟೆಯಲ್ಲಿ ಅನ್ನದ ಪಾಲು ಏರುತ್ತದೆ, ಅದರೊಂದಿಗೆ ಸಕ್ಕರೆಯೂ. ಆಮೇಲೆ ಮೊಸರಿಲ್ಲದ ತಿಂಗಳು, ಹಾಲಿಲ್ಲದ ತಿಂಗಳು. ಕೊನೆಯದು ದ್ವಿದಳ, ಆಗ ಬೇಳೆಯೇ ಇಲ್ಲ. ನಾಲ್ಕು ತಿಂಗಳಿಗೆ ನಾಲ್ಕು ಥರದ ತಟ್ಟೆ ಅಂದಮೇಲೆ ಅದೇ ಡಾಕ್ಟರು ನೋಡಬೇಕು.

ಮಡಿಯ ವಿಷಯದಲ್ಲಿ ನನ್ನದು ಹಳೆಯ ಹಟ, ಈ ಅಂಕಣ ಓದುವವರಿಗೆಲ್ಲ ಗೊತ್ತು: ಮಡಿ ಉಟ್ಟವರು ಮಡಿಯ ಕೆಲಸವನ್ನೂ ಮಾಡಬೇಕು. ಉಡುಪಿಯ ಮಠಗಳಲ್ಲಿ ಸಾವಿರಾರು ಜನಕ್ಕೆ ಅಡುಗೆ ಮಾಡುವವರು ಪಂಚೆ ಕಟ್ಟಿದ ಗಂಡಸರೇ. ನಿಮ್ಮವರು ಐದಕ್ಕೆ ಎದ್ದು, ತಮ್ಮ ಮಡಿ ತಾವೇ ಒಣಹಾಕಿ, ನೀರು ತಂದು, ನೈವೇದ್ಯ ಮಾಡಿಕೊಂಡು ಏಳೂಕಾಲಿಗೆ ಅಡುಗೆಮನೆ ಬಿಟ್ಟುಕೊಡಲಿ. ಒಂಬತ್ತೂವರೆಗೆ ಬ್ಯಾಂಕಿಗೆ ಹೋಗುವವರು ಬಾಗಿಲ ಹೊರಗೆ ನಿಂತು ಡಬ್ಬಿಗೆ ಕಾಯುವುದು ಯಾವ ಶಾಸ್ತ್ರವೂ ಅಲ್ಲ. ಜಾಗ ಇದ್ದರೆ ಹಿತ್ತಲ ಕಟ್ಟೆಯ ಮೇಲೆ ಒಂದು ಸ್ಟೋವ್ ಇಟ್ಟುಕೊಳ್ಳಿ, ನಿಮ್ಮ ಮತ್ತು ಮಗಳ ಈರುಳ್ಳಿ ಅಲ್ಲಿ ಬೇಯಲಿ. ಕದ್ದು ತಿನ್ನಬೇಡಿ. ಕದ್ದು ತಿಂದರೆ ಒಂದು ದಿನ ಸಿಕ್ಕಿಬೀಳುತ್ತೀರಿ, ಆಮೇಲೆ ಮಾತ್ರೆಯ ವಿಷಯದಲ್ಲೂ ನಿಮ್ಮ ಮಾತು ನಡೆಯುವುದಿಲ್ಲ.

ಅತ್ತೆಯವರನ್ನು ಬಾಯಿಬಿಡದವರು ಅಂತ ದೂರಿದ್ದೀರಿ. ಅವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ‘ಮಾವನವರಿಗೆ ಮೈ ಹುಷಾರಿಲ್ಲದಾಗ ಏಕಾದಶಿ ಹೇಗೆ ಮಾಡ್ತಿದ್ರು ಅತ್ತೀ?’ ಉತ್ತರ ಬಂದರೆ ಮಗನೂ ಅಲ್ಲೇ ಕೂತಿರುವಾಗ ಬರಲಿ.

ಮಾತು ಎತ್ತಲು ಏಕಾದಶಿ ಸಂಜೆ ಬೇಡ, ಹಸಿದವರ ಜೊತೆ ಯಾವ ಮಾತೂ ನಿಲ್ಲುವುದಿಲ್ಲ. ದ್ವಾದಶಿ ಮಧ್ಯಾಹ್ನ ಊಟವಾಗಿ ನಿದ್ದೆ ತೆಗೆದು ಎದ್ದಾಗ ಹೇಳಿ. ‘ನಿಮ್ಮ ಏಕಾದಶಿ ಬಿಡಿಸೋದಕ್ಕಲ್ಲ, ವರ್ಷಕ್ಕೆ ಇಪ್ಪತ್ತನಾಲ್ಕನ್ನೂ ನೀವು ಮಾಡೋಹಂಗ ಆಗಬೇಕು’ ಎಂದರೆ ಸಾಕು. ಬೆರಳು ಚುಚ್ಚಿದರೆ ರಕ್ತ ಬಂದು ಮಡಿ ಕೆಡುತ್ತದೆ ಎನ್ನಬಹುದು. ಬೆಳಗಿನದು ಸ್ನಾನಕ್ಕೆ ಮುಂಚೆ, ಮಧ್ಯಾಹ್ನದ್ದು ಮಡಿ ಬಿಚ್ಚಿದ ಮೇಲೆ, ಸಂಜೆಯದು ಸಂಧ್ಯಾವಂದನೆಯ ಸ್ನಾನಕ್ಕೆ ಮುಂಚೆ, ರಾತ್ರಿಯದು ಮಲಗುವಾಗ. ಅಷ್ಟು ಸಾಕು, ದ್ವಾದಶಿ ಎದ್ದ ಕೂಡಲೇ ಇನ್ನೊಂದು.

ಉಳಿದದ್ದೆಲ್ಲ ತಡವಾದರೂ ನಡೆದೀತು, ಇದೊಂದು ನಡೆಯದು: ಬರುವ ನವಮಿಗೆ ಡಾಕ್ಟರ ಹತ್ತಿರ ಹೊತ್ತು ಗೊತ್ತುಮಾಡಿ. ಮಾತ್ರೆಯ ಹಾಳೆಗಳು, ಏಕಾದಶಿಗೆ ಗುರುತು ಹಾಕಿದ ಪಂಚಾಂಗ, ಬೆವರು ಬಂದ ಹೊತ್ತನ್ನು ಬರೆದಿಟ್ಟ ಚೀಟಿ, ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ನೀವೇ ಜೊತೆಗೆ ಹೋಗಿ. ಒಬ್ಬರನ್ನೇ ಕಳಿಸಿದರೆ ‘ಎಲ್ಲಾ ನಾರ್ಮಲ್ ಅಂದ್ರು’ ಅಂತ ಬಂದುಬಿಡುತ್ತಾರೆ.